‘ಈ ಕೆಲಸ ನನಗೆ ಸಾಕು’: ಬದಲಿಗೆ ಏನು ಹಾಕಲಿ?

ಎಲ್ಲರಿಗೂ ನಮಸ್ಕಾರ.

ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಮಾಧ್ಯಮದ ಟೀಚರ್‌ಗಳಿಗಾಗಿ ಒಂದು ಸಣ್ಣ ಪ್ರಶ್ನಾವಳಿ ಮಾಡುತ್ತಿದ್ದೇನೆ. ಒಂದು ಭಾಗ ಬರ್ನ್‌ಔಟ್ ಬಗ್ಗೆ, ಇನ್ನೊಂದು ಕೆಲಸದ ತೃಪ್ತಿ ಬಗ್ಗೆ. ಬರ್ನ್‌ಔಟ್ ಭಾಗದಲ್ಲಿ ‘ಈ ಕೆಲಸ ನನಗೆ ಸಾಕು ಅನಿಸುತ್ತದೆ’ ಎಂಬ ವಾಕ್ಯವಿದೆ. 0 ಅಂದರೆ ಯಾವತ್ತೂ ಇಲ್ಲ, 6 ಅಂದರೆ ದಿನಾಲೂ. ಮೊದಲು ಪರಿಚಯದ ಕೆಲವರಿಗೆ ಕೊಟ್ಟು ನೋಡಿದೆ. ಒಬ್ಬರು ‘ಬೆಳಿಗ್ಗೆ ಏಳುವಾಗಲೇ ಸುಸ್ತು’ ಎಂಬಲ್ಲಿ 0 ಹಾಕಿ, ಇಲ್ಲಿ 6 ಹಾಕಿದ್ದಾರೆ. ಕೇಳಿದರೆ, “ಹೌದಲ್ಲ, ನನಗೆ ಇದೇ ಕೆಲಸ ಸಾಕು, ಬೇರೆ ಯಾವುದೂ ಬೇಡ” ಅಂದರು! ‘ಬೇಜಾರು’ ಅಂತ ಹಾಕಬಹುದಾ?

ಬದಿಯಡ್ಕದಿಂದ:
ಇದಕ್ಕೆಲ್ಲ ಯಾಕೆ ತಲೆಬಿಸಿ? ವಾಕ್ಯ ಉಲ್ಟಾ ಹೊಡೆದಿದ್ದರೆ ಅಂಕವನ್ನೂ ಉಲ್ಟಾ ಮಾಡಿ. ಶೀಟ್‌ನಲ್ಲಿ `=6-B2` ಅಂತ ಹಾಕಿದರೆ ಮುಗಿಯಿತು.

ನಿವೃತ್ತ ಮಾಸ್ಟ್ರು, ಕುಂಬಳೆ:
ಪಾಠ ಮಾಡಿ ನನಗೆ ಯಾವತ್ತೂ ಸಾಕಾಗಿಲ್ಲ. ಮಲಯಾಳದಲ್ಲಿ ಬರುವ ಸುತ್ತೋಲೆ ಓದಿ ಸಾಕಾಗಿತ್ತು. ಅದನ್ನು ಕೇಳಿ, ಮಗಳೇ.

ಕಾಸರಗೋಡಿನಿಂದ:
ಅಂಕ ತಿರುಗಿಸುವುದು ಸರಿ, ಆದರೆ ಎಲ್ಲರೂ ಒಂದೇ ಅರ್ಥದಲ್ಲಿ ಓದಿದ್ದರೆ ಮಾತ್ರ. ಇಲ್ಲಿ ಕೆಲವರು ಬೇಸತ್ತು 6 ಹಾಕುತ್ತಾರೆ, ಕೆಲವರು ಖುಷಿಯಿಂದ 6 ಹಾಕುತ್ತಾರೆ. ತಿರುಗಿಸಿದರೆ ಬೇಸತ್ತವರ ಲೆಕ್ಕ ಕೆಡುತ್ತದೆ. ಇಂಥ ವಾಕ್ಯದ ಅಂಕ ಆ ಭಾಗದ ಉಳಿದ ವಾಕ್ಯಗಳ ಮೊತ್ತದ ಜೊತೆ ಹೊಂದುವುದಿಲ್ಲ, ಅದನ್ನು ತೆಗೆದರೆ ವಾಕ್ಯಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರಿಸುವ ಆಲ್ಫಾ ಏರುತ್ತದೆ. ಆದರೆ ಹತ್ತು ಹದಿನೈದು ಜನರ ಆಲ್ಫಾವನ್ನು ಜಾಸ್ತಿ ನಂಬಬೇಡಿ. ನೀವು ಮಾಡಿದ ಹಾಗೆ ‘ಇದಕ್ಕೆ 6 ಯಾಕೆ?’ ಅಂತ ಕೂರಿಸಿ ಕೇಳುವುದೇ ಮೇಲು.

‘ಬೇಜಾರು’ ಬೇಡ. ನಮ್ಮ ಕಡೆ ಒಬ್ಬ ಮಗು ಶಾಲೆ ಬಿಟ್ಟರೂ ಬೇಜಾರು. ಮಕ್ಕಳ ಮೇಲೆ ಜೀವ ಇಟ್ಟವರೇ ಅದಕ್ಕೆ ಜಾಸ್ತಿ ಅಂಕ ಹಾಕಿಬಿಡುತ್ತಾರೆ. ಬರ್ನ್‌ಔಟ್‌ನಲ್ಲಿ ನಡೆಯುವುದು ಅದಕ್ಕೆ ಉಲ್ಟಾ, ಮಕ್ಕಳ ಬಗ್ಗೆ ಏನೂ ಅನಿಸದ ಹಾಗಾಗುತ್ತದೆ.

ಪದ ಹುಡುಕುವ ಬದಲು ಸಂದರ್ಭ ಬರೆಯಿರಿ. ‘ಶಾಲೆ ಬಿಡುವ ಹೊತ್ತಿಗೆ ಯಾರ ಹತ್ತಿರವೂ ಮಾತೇ ಬೇಡ ಅನಿಸುತ್ತದೆ.’ ಇದನ್ನೇ ‘ಮಾತಾಡಲು ಮನಸ್ಸಾಗುವುದಿಲ್ಲ’ ಅಂತ ಬರೆಯಬೇಡಿ. ಅದಕ್ಕೆ ‘ಯಾವತ್ತೂ ಇಲ್ಲ’ ಅಂತ ಗುರುತು ಹಾಕುವವರು ಎರಡು ‘ಇಲ್ಲ’ಗಳ ನಡುವೆ ಸಿಕ್ಕಿಕೊಳ್ಳುತ್ತಾರೆ. ಮಾಸ್ಟ್ರು ಹೇಳಿದ ಸುತ್ತೋಲೆ ಕಾರಣದ ಪಟ್ಟಿಗೆ ಹೋಗಲಿ. ಅದನ್ನು ದಣಿವಿನ ಅಂಕಕ್ಕೆ ಕೂಡಿಸಬಾರದು.

ಬದಿಯಡ್ಕದಿಂದ:
ಹಾಗಾದರೆ ‘ಸಾಕಪ್ಪಾ ಸಾಕು ಅನಿಸುತ್ತದೆ’ ಅಂದರಾಯಿತು. ಅದಕ್ಕೆ ಎರಡು ಅರ್ಥ ಇಲ್ಲವಲ್ಲ.

ಕಾಸರಗೋಡಿನಿಂದ:
ಅರ್ಥ ಒಂದೇ, ಒಪ್ಪಿದೆ. ಆದರೆ ಸ್ವಲ್ಪ ನಾಟಕದ ಮಾತು ಅನಿಸುತ್ತದೆ. ನಿಜವಾಗಿ ದಣಿದವರೂ ಕಾಗದದ ಮೇಲೆ ಅದಕ್ಕೆ 6 ಹಾಕಲು ಹಿಂಜರಿಯಬಹುದು.

ಪ್ರಶ್ನೆ ಕೇಳಿದವಳು:
ಎರಡನ್ನೂ ಹೊಸಬರಿಗೆ ಕೊಟ್ಟು ಮಾತಾಡಿಸಿ ನೋಡುತ್ತೇನೆ. ಮನೆಯಲ್ಲಿ ತುಳು ಮಾತಾಡುವವರು ಇಲ್ಲಿದ್ದರೆ ಇನ್ನೊಂದು ಪ್ರಶ್ನೆ: ‘ಸಾಕು’ ಎನ್ನಲು ‘ಯಾವು’ ಅಂದಾಗಲೂ ಹೀಗೇ ಎರಡು ಅರ್ಥ ಬರುತ್ತದಾ?