ತಮ್ಮನ ಮೊದಲ ಸಂಬಳ, ಮಾವನ 'ಗ್ಯಾರಂಟಿ' ಸ್ಕೀಮು: ಅನುಭವ ಇದ್ದವರು ಹೇಳಿ

ಸುಂಟಿಕೊಪ್ಪದಿಂದ ಒಬ್ಬರ ಪ್ರಶ್ನೆ:
ತಮ್ಮನಿಗೆ ಮೈಸೂರಲ್ಲಿ ಕೆಲಸ ಸಿಕ್ಕಿ ಈ ತಿಂಗಳು ಮೊದಲ ಸಂಬಳ ಬಂತು, 24 ಸಾವಿರ. ಮನೇಲಿ ಎರಡೂವರೆ ಎಕರೆ ತೋಟ ಇದೆ. ಸೋದರಮಾವ ಒಂದು ಸ್ಕೀಮ್ ಹಿಡ್ಕೊಂಡು ಬಂದಿದ್ದಾರೆ. ಲಕ್ಷ ಹಾಕಿದ್ರೆ ತಿಂಗಳಿಗೆ 10 ಸಾವಿರದಂತೆ 18 ತಿಂಗಳು, ಗ್ಯಾರಂಟಿ ಅಂತೆ. ಸಾಲ ತೆಗೆದಾದ್ರೂ ಹಾಕು ಅಂತಿದ್ದಾರೆ. ಮಾವನಿಗೆ ನಾಲ್ಕು ತಿಂಗಳಿಂದ ದುಡ್ಡು ಬರ್ತಿರೋದಂತೂ ನಿಜ. ಬೇಡ ಅನ್ನೋದು ಹೇಗೆ? ಸಂಬಳ ಎಲ್ಲಿಡೋದು?

ಶನಿವಾರಸಂತೆ ಕಡೆಯವನು:
ಓದಿ ಎದೆ ಝಲ್ ಅಂತು. ಊರು, ಮಾವ ಬೇರೆ ಅಷ್ಟೆ, ಉಳಿದಿದ್ದೆಲ್ಲ ನಮ್ಮನೇದೇ. ಸ್ವಲ್ಪ ಉದ್ದ ಬರೀತೀನಿ.

2024ರ ಮೇ ಕೊನೇಲಿ ನನಗೆ ಮೊದಲ ಸಂಬಳ ಬಂತು, 22 ಸಾವಿರ. ಆ ಹೊತ್ತಿಗೆ ಅಪ್ಪ ಮುಂಗಾರಿಗೆ ಮುಂಚೆ ಗೊಬ್ಬರ ಹಾಕಿಸೋಕೆ ಅಂತ ಪೇಟೆಯ ಒಬ್ಬರ ಹತ್ರ 40 ಸಾವಿರ ಕೈಸಾಲ ತಂದಿದ್ರು, ನೂರಕ್ಕೆ ಎರಡು ಬಡ್ಡಿ. ನಾನು ಶೇರು, ಚಿನ್ನ ಅಂತ ಮೊಬೈಲಲ್ಲಿ ಏನೇನೋ ನೋಡ್ತಾ ಕೂತಿದ್ದೆ. ಆಮೇಲೆ ಒಂದು ಸಲ ಲೆಕ್ಕ ಹಾಕಿದೆ. 10 ಸಾವಿರ ಅಸಲಿಗೆ ಕಟ್ಟಿದ್ರೆ ತಿಂಗಳಿಗೆ 200 ರೂಪಾಯಿ ಬಡ್ಡಿ ಉಳಿಯುತ್ತೆ, ಅಂದ್ರೆ ವರ್ಷಕ್ಕೆ ನೂರಕ್ಕೆ 24. ಅಷ್ಟು ಖಾತ್ರಿ ಲಾಭ ಇನ್ಯಾವ ಬ್ಯಾಂಕೂ ಕೊಡಲ್ಲ. ನನ್ನ ಮೊದಲ ಸಂಬಳದ 'ಹೂಡಿಕೆ' ಅದೇ. ಕೊಟ್ಟು ಬಂದಾಗ ಆ ಸಾಹುಕಾರರಿಗೆ ಅಷ್ಟೇನೂ ಖುಷಿ ಆದಂಗೆ ಕಾಣ್ಲಿಲ್ಲ!

ಜೂನ್‌ನಿಂದ ಪೋಸ್ಟ್ ಆಫೀಸಲ್ಲಿ 3 ಸಾವಿರದ ಆರ್‌ಡಿ, ನಿಫ್ಟಿ ಇಂಡೆಕ್ಸ್ ಫಂಡಿಗೆ 2 ಸಾವಿರದ ಎಸ್‌ಐಪಿ. ಇನ್ನೊಂದು 2 ಸಾವಿರ ಎಟಿಎಂ ಕಾರ್ಡ್ ಮಾಡಿಸದ ಬೇರೆ ಖಾತೆಗೆ, ಮನೇಲಿ ಯಾರಿಗಾದ್ರೂ ಹುಷಾರು ತಪ್ಪಿದ್ರೆ ಅಂತ. ಎಲ್ಲಾ ಸಂಬಳ ಬಂದ ಮಾರನೇ ದಿನವೇ ತಾನಾಗಿ ಕಟ್ ಆಗೋ ಹಾಗೆ ಬರೆದುಕೊಟ್ಟೆ. ಇದು ಆಮೇಲೆ ಎಷ್ಟು ಉಪಯೋಗಕ್ಕೆ ಬಂತು ಅಂತ ಹೇಳ್ತೀನಿ.

ಆ ವರ್ಷ ಕಾಫಿಗೆ ಯಾರೂ ಕಾಣದ ರೇಟು. ಎಲ್ಲರ ಕೈಲೂ ನಾಲ್ಕು ಕಾಸು ಓಡಾಡ್ತಿತ್ತು. ಸ್ಕೀಮಿನವರಿಗೆ ಅದರ ವಾಸನೆ ಹೇಗೆ ಸಿಗುತ್ತೋ ದೇವರೇ ಬಲ್ಲ. ಹುತ್ತರಿ ದಿನ ಮಾವ ಬಂದ್ರು, ಜೊತೆಗೆ ಇಸ್ತ್ರಿ ಶರ್ಟಿನ ಒಬ್ಬ ಹುಡುಗ. ಕಣದಲ್ಲಿ ಅರೇಬಿಕಾ ಹರವಿದ್ವಿ, ಅಪ್ಪ ಗೋರುಬಲಗೆ ಹಿಡಿದು ತಿರುವಿ ಹಾಕ್ತಿದ್ರು. ಕಂಪನಿ ಕಾಫಿ ಎಕ್ಸ್‌ಪೋರ್ಟ್ ಮಾಡುತ್ತೆ, ಆ ಲಾಭದಲ್ಲೇ ಹತ್ತು ಪರ್ಸೆಂಟ್ ಕೊಡೋದು ಅಂತ ಹುಡುಗ ಶುರು ಮಾಡಿದ. ಅಪ್ಪ ತಲೆ ಎತ್ತದೇನೆ "ಯಾವ ಕ್ಯೂರಿಂಗ್ ವರ್ಕ್ಸಲ್ಲಿ ಮಾಡಿಸ್ತೀರಪ್ಪಾ?" ಅಂದ್ರು. ಹುಡುಗನಿಗೆ ಕ್ಯೂರಿಂಗ್ ಅಂದ್ರೇನು ಅನ್ನೋದೇ ಗೊತ್ತಿರಲಿಲ್ಲ. "ಅದೆಲ್ಲ ಹೆಡ್ ಆಫೀಸ್ ನೋಡ್ಕೊಳ್ಳುತ್ತೆ ಅಂಕಲ್" ಅಂದ.

ಮಾವ ಫೋನ್ ತೆಗೆದು ನನ್ನ ಮುಖಕ್ಕೆ ಹಿಡಿದ್ರು. "ನೋಡೋ ಮಗಾ, ಎರಡು ಲಕ್ಷಕ್ಕೆ ತಿಂಗಳಿಗೆ 20 ಸಾವಿರ. ಮೂರು ತಿಂಗಳಿಂದ ಒಂದು ದಿನ ತಪ್ಪಿಲ್ಲ." ದುಡ್ಡು ಬಂದಿದ್ದು ನಿಜವೇ. ಆದ್ರೆ ಕಳಿಸಿದವರ ಹೆಸರು ನೋಡಿದೆ. ಮೂರು ತಿಂಗಳು ಮೂರು ಬೇರೆ ಬೇರೆ ಹೆಸರು, ಮೂರೂ ಮನುಷ್ಯರ ಹೆಸರು. ಕಂಪನಿ ಖಾತೆಯಿಂದ ಒಂದೂ ಬಂದಿರಲಿಲ್ಲ. ನನಗೆ ಮೊದಲು ಅನುಮಾನ ಹುಟ್ಟಿದ್ದು ಅಲ್ಲಿ. ನಿಮ್ಮ ಮಾವನ ಫೋನಲ್ಲೂ ಅದನ್ನೇ ನೋಡಿ.

ಅಲ್ಲೇ ಬಿದ್ದಿದ್ದ ಗೊಬ್ಬರದ ಬಿಲ್ಲಿನ ಹಿಂದೆ ಬರೆದು ತೋರಿಸಿದೆ. "ಮಾವ, ನೀವು ಕೊಟ್ಟಿದ್ದು 2 ಲಕ್ಷ, ಬಂದಿದ್ದು 60 ಸಾವಿರ. ನಿಮ್ಮ 1 ಲಕ್ಷ 40 ಸಾವಿರ ಇನ್ನೂ ಅವರ ಹತ್ರಾನೇ ಇದೆ. ಹತ್ತು ತಿಂಗಳ ತನಕ ಬರೋದು ನಿಮ್ಮ ದುಡ್ಡೇ. ಲಾಭ ಅನ್ನೋದು ಹನ್ನೊಂದನೇ ತಿಂಗಳಿಂದ." ಮಾವ ಚೀಟಿ ನೋಡಿದ್ರು, ನನ್ನನ್ನ ನೋಡಿದ್ರು. "ನಾಲ್ಕಕ್ಷರ ಕಲ್ತ ಮೇಲೆ ನಮ್ಮ ಮೇಲೆ ನಂಬಿಕೆ ಇಲ್ಲ ಅನ್ನು" ಅಂದುಬಿಟ್ರು. ಲೆಕ್ಕಕ್ಕಾದ್ರೆ ಉತ್ತರ ಕೊಡಬಹುದು, ಅದಕ್ಕೆ ಏನು ಕೊಡ್ತೀರಿ?

ಅಲ್ಲಿಗೆ ವಾದ ಬಿಟ್ಟೆ. "ನಂಬಿಕೆ ಇದೆ ಮಾವ, ದುಡ್ಡೇ ಇಲ್ಲ. ಸಂಬಳ ಬಂದ ಮಾರನೇ ದಿನ ಕಟ್ ಆಗಿ ಹೋಗುತ್ತೆ" ಅಂತ ಫೋನ್ ತೋರಿಸಿದೆ. ಖಾತೇಲಿ 1,900 ಇತ್ತು. ನಮ್ಮ ಕಡೆ ನೆಂಟರಿಗೆ 'ಬೇಡ' ಅಂದ್ರೆ ಮುಖ ಊದಿಸ್ಕೋತಾರೆ, 'ಇಲ್ಲ' ಅಂದ್ರೆ ಕಾಫಿ ಕುಡಿದು ಹೋಗ್ತಾರೆ.

ಫೆಬ್ರವರಿಲಿ ನನ್ನ ಇಂಡೆಕ್ಸ್ ಫಂಡ್ ನೋಡಿದ್ರೆ 18 ಸಾವಿರ ಹಾಕಿದ್ದು 16,500ರ ಆಸುಪಾಸಿಗೆ ಇಳಿದಿತ್ತು. ಮಾರ್ಕೆಟ್ಟೇ ಬಿದ್ದಿತ್ತು. ಮಾವ ಒಂದು ಮದುವೆ ಮನೇಲಿ ನಾಲ್ಕು ಜನರ ಮುಂದೆ "ಬುದ್ಧಿವಂತ ನಷ್ಟದಲ್ಲಿದ್ದಾನೆ, ನಾನು ಲಾಭದಲ್ಲಿದ್ದೀನಿ" ಅಂತ ನಕ್ಕರು. ನಿಜ ಹೇಳ್ತೀನಿ, ಅವತ್ತು ರಾತ್ರಿ ಸ್ಕೀಮಿಗೆ ಹಾಕೇ ಬಿಡೋಣ ಅನ್ನಿಸಿತ್ತು.

ಏಪ್ರಿಲ್ ಕೊನೇ ಕಂತು, ಮೇ ತಿಂಗಳಲ್ಲಿ ಬರಲಿಲ್ಲ. ಸರ್ವರ್ ಅಪ್‌ಡೇಟ್ ಅಂದ್ರು, ಆಡಿಟ್ ಅಂದ್ರು. ಆಮೇಲೆ ಹುಡುಗನ ಫೋನ್ ಸ್ವಿಚ್ ಆಫ್. ಮಾವ ನಡುವೆ ಇನ್ನೊಂದು ಲಕ್ಷ ಸೇರಿಸಿದ್ರಂತೆ. ಹಾಕಿದ್ದು ಮೂರು ಲಕ್ಷ, ವಾಪಸ್ ಬಂದಿದ್ದು 1 ಲಕ್ಷ 70 ಸಾವಿರ.

ನನಗೆ ಗೊತ್ತಿಲ್ಲದ್ದು ಇನ್ನೊಂದಿತ್ತು. ಕ್ಯೂರಿಂಗ್ ವಿಷಯ ಕೇಳಿ ಆ ಹುಡುಗನ ಬಾಯಿ ಮುಚ್ಚಿಸಿದ್ದ ನಮ್ಮಪ್ಪನೇ ಜನವರಿಲಿ ಕಾಫಿ ಮಾರಿದ ದುಡ್ಡಲ್ಲಿ 50 ಸಾವಿರ ಕೊಟ್ಟಿದ್ರು. ಬಂದಿದ್ದು ಮೂರು ಕಂತು, 15 ಸಾವಿರ. ಕೈಸಾಲದ ಬಾಕಿ 30 ಸಾವಿರ ಹಾಗೇ ಉಳಿದಿತ್ತು, ಬಡ್ಡಿ ಓಡ್ತಾನೇ ಇತ್ತು. ಯಾಕಪ್ಪಾ ಅಂದ್ರೆ, "ನಿಮ್ಮಮ್ಮನ ತಮ್ಮ ಮನೆ ಬಾಗಿಲಿಗೆ ಬಂದು ಕೇಳ್ದ" ಅಂದ್ರು, ಅಷ್ಟೆ.

ಗೋಣಿಕೊಪ್ಪಲು, ಅಂಗಡಿಯವರು:
ಎಲ್ಲದಕ್ಕೂ ಹೀಗೆ ಹೆದರಿದ್ರೆ ಆಗಲ್ಲ. ಕಂಪನಿ ರಿಜಿಸ್ಟರ್ ಆಗಿದ್ಯಾ, ಜಿಎಸ್‌ಟಿ ನಂಬರ್ ಇದ್ಯಾ ನೋಡಿ. ಛಾಪಾ ಕಾಗದದಲ್ಲಿ ಕರಾರು ಮಾಡಿಸಿ, ಮುಂದಿನ ತಾರೀಖಿನ ಚೆಕ್ ಇಸ್ಕೊಳ್ಳಿ. ಚೆಕ್ ಬೌನ್ಸ್ ಆದ್ರೆ ಕೇಸ್ ಹಾಕಬಹುದಲ್ಲ. ನಾನು ವ್ಯಾಪಾರದಲ್ಲಿ ಮಾಡೋದೂ ಹಾಗೇ.

ಮಡಿಕೇರಿ, ಬ್ಯಾಂಕಿನಿಂದ ನಿವೃತ್ತ:
ಅಂಗಡಿಯವರೇ, ಸಾಮಾನು ಕೊಟ್ಟು ಚೆಕ್ ಇಸ್ಕೊಳ್ಳೋ ವ್ಯಾಪಾರಕ್ಕೆ ನಿಮ್ಮ ಮಾತು ಸರಿ. ಇಲ್ಲಿ ಹೊಂದಲ್ಲ. ಕಂಪನಿ ನೋಂದಣಿ ಅಂದ್ರೆ ಕಂಪನಿ ಹುಟ್ಟಿದೆ ಅಂತ ಅರ್ಥ. ಜಿಎಸ್‌ಟಿ ಅಂದ್ರೆ ತೆರಿಗೆ ಕಟ್ಟೋಕೆ ಒಂದು ನಂಬರ್ ಇದೆ ಅಂತ. ಊರ ಜನರ ಹತ್ರ ಠೇವಣಿ ಎತ್ತೋಕೆ ಬೇರೆ ಪರವಾನಗಿ ಬೇಕು. ಅದಿಲ್ಲದೆ ಎತ್ತೋದು 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ ಪ್ರಕಾರ ಅಪರಾಧ, ಜನರನ್ನ ಸೇರಿಸಿಕೊಡೋ ಏಜೆಂಟನೂ ಅದರಲ್ಲಿ ಸಿಕ್ಕಿಬೀಳ್ತಾನೆ. ಚೆಕ್ ಬೌನ್ಸ್ ಕೇಸ್ ಖಂಡಿತ ಹಾಕಬಹುದು. ಆದ್ರೆ ನೂರಾರು ಜನಕ್ಕೆ ಚೆಕ್ ಕೊಟ್ಟಿರೋ ಖಾತೇಲಿ ಏನೂ ಇಲ್ಲದಿದ್ರೆ, ಗೆದ್ದು ಏನು ತರ್ತೀರಿ?

ಪ್ರಶ್ನೆ ಕೇಳಿದವರಿಗೆ: ರಿಸರ್ವ್ ಬ್ಯಾಂಕಿನದ್ದು sachet.rbi.org.in ಅಂತ ಒಂದು ಜಾಲತಾಣ ಇದೆ. ಆ ಕಂಪನಿಗೆ ಠೇವಣಿ ತೆಗೆದುಕೊಳ್ಳೋ ಅನುಮತಿ ಇದೆಯಾ ಅಂತ ಅಲ್ಲಿ ಹುಡುಕಬಹುದು, ದೂರೂ ಕೊಡಬಹುದು. ಶೇರು ವ್ಯವಹಾರ ಅಂದ್ರೆ ಸೆಬಿ ನೋಂದಣಿ ಕೇಳಿ. ಸೆಬಿ ನೋಂದಣಿ ಇರೋ ಯಾರೂ ಗ್ಯಾರಂಟಿ ಲಾಭ ಅನ್ನೋ ಹಾಗೇ ಇಲ್ಲ, ಅಂದ್ರೆ ಆ ಮಾತಲ್ಲೇ ಬಣ್ಣ ಬಯಲು. ಮಾವನಿಗೆ ಒಂದೇ ಕೆಲಸ ಹೇಳಿ, 'ಅಸಲಲ್ಲಿ 50 ಸಾವಿರ ಈ ತಿಂಗಳು ವಾಪಸ್ ಬೇಕು' ಅಂತ ಕೇಳಲಿ. ತಿಂಗಳ ಕಂತು ಸಲೀಸಾಗಿ ಕಳಿಸೋರು ಅಸಲು ಕೇಳಿದ ಕೂಡಲೇ ಲಾಕಿನ್ ಅಂತಾರೆ, ಹೊಸ ಪ್ಲಾನಿಗೆ ವರ್ಗಾಯಿಸಿಕೊಳ್ಳಿ ಅಂತಾರೆ. ವರ್ಗಾಯಿಸೋಕೆ ಸಹಿ ಮಾತ್ರ ಹಾಕಬೇಡಿ.

ಶನಿವಾರಸಂತೆಯವರೇ, ದೂರು ಕೊಟ್ಟಿದ್ದೀರಾ? ನಮ್ಮ ರಾಜ್ಯದಲ್ಲಿ ಠೇವಣಿದಾರರ ಹಿತರಕ್ಷಣೆಗೆ 2004ರ ಕಾಯ್ದೆ ಇದೆ, ಕಂಪನಿ ಆಸ್ತಿ ಜಪ್ತಿ ಮಾಡಿ ಹಂಚೋ ಅವಕಾಶ ಇದೆ. ವರ್ಷಗಟ್ಟಲೆ ಹಿಡಿಯುತ್ತೆ, ಪೂರ್ತಿ ಬರುತ್ತೆ ಅನ್ನೋ ಭರವಸೆ ನಾನು ಕೊಡಲ್ಲ. ಆದ್ರೆ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಏನೂ ಬರಲ್ಲ.

ನಾಪೋಕ್ಲು ಅಕ್ಕ:
ನೀವೆಲ್ಲ ಚೀಟಿ ಹಾಕಬೇಡಿ ಅಂತಿರೋದು ಸರಿಯಲ್ಲ. ನಾವು ಹತ್ತು ಹೆಂಗಸರು ವರ್ಷಗಳಿಂದ ಚೀಟಿ ನಡೆಸ್ತಿದ್ದೀವಿ, ಮಗಳ ಕಾಲೇಜು ಫೀಸು ಕಟ್ಟಿದ್ದೇ ಅದರಲ್ಲಿ. ಯಾರೂ ಓಡಿ ಹೋಗಿಲ್ಲ.

ಮಡಿಕೇರಿ, ಬ್ಯಾಂಕಿನಿಂದ ನಿವೃತ್ತ:
ಅಕ್ಕಾ, ಚೀಟಿ ಬಗ್ಗೆ ಇಲ್ಲಿ ಯಾರೂ ಅಂದಿಲ್ಲ. ಚೀಟೀಲಿ ಹತ್ತು ಜನ ಹಾಕಿದ್ದನ್ನ ಹತ್ತು ಜನಾನೇ ತಗೋತೀರಿ, ಎಲ್ಲ ಕಣ್ಣೆದುರಿಗೇ ಇರುತ್ತೆ. ದೊಡ್ಡ ಮೊತ್ತ ಆದ್ರೆ ಮಾತ್ರ ನೋಂದಾಯಿತ ಚೀಟಿ ನೋಡ್ಕೊಳ್ಳಿ.

ಕುಶಾಲನಗರದವರು:
ನನ್ನದು ಉಲ್ಟಾ ಅನುಭವ. ಇಂಥದ್ದೇ ಒಂದಕ್ಕೆ 1 ಲಕ್ಷ ಹಾಕಿ 14 ಕಂತು ತಗೊಂಡೆ. 40 ಸಾವಿರ ಲಾಭವೇ ಆಯ್ತು. ಬೇಗ ಸೇರಿ ಬೇಗ ಹೊರಬಂದ್ರೆ ತೊಂದರೆ ಇಲ್ಲ.

ಶನಿವಾರಸಂತೆ ಕಡೆಯವನು:
ಆ 40 ಸಾವಿರ ಯಾರದ್ದು ಅಂತ ಯೋಚಿಸಿದ್ದೀರಾ ಸಾರ್? ನಮ್ಮಪ್ಪನ 35 ಸಾವಿರ ಅಂಥ ಯಾರದ್ದೋ ಫೋನಿಗೆ 'ಲಾಭ' ಅಂತ ಹೋಗಿರುತ್ತೆ.

ಬ್ಯಾಂಕಿನವರೇ, ಅಪ್ಪನ ಹೆಸರಲ್ಲಿ ದೂರು ಕೊಟ್ಟಿದ್ದೀವಿ. ಮಾವ ಕೊಟ್ಟಿಲ್ಲ. ಅವರು ಹನ್ನೊಂದು ಮನೆಯವರನ್ನ ಸೇರಿಸಿದ್ರು, ತಲೆಗೆ ನೂರಕ್ಕೆ ಐದು ಕಮಿಷನ್ ಬರ್ತಿತ್ತಂತೆ. ಆಮೇಲೆ ಗೊತ್ತಾಯ್ತು. ಹೋದ್ರೆ ತನ್ನ ಮೇಲೇ ಬರುತ್ತೆ ಅನ್ನೋ ಭಯ. ಅದು ಸುಳ್ಳು ಭಯವೂ ಅಲ್ಲ ಅಂತ ನೀವು ಬರೆದಿದ್ದು ಓದಿದ ಮೇಲೆ ಅನ್ನಿಸ್ತಿದೆ. ಅಮ್ಮನಿಗೆ ಇದನ್ನ ಹೇಗೆ ಹೇಳೋದೋ ತಿಳೀತಿಲ್ಲ.

ಪ್ರಶ್ನೆ ಕೇಳಿದವರು:
ಮಾವನ ಫೋನ್ ಈಗ ತಾನೇ ನೋಡಿದೆ. ನಾಲ್ಕು ಕಂತು, ನಾಲ್ಕು ಬೇರೆ ಬೇರೆ ಹೆಸರು. ಅಸಲು ಕೇಳಿ ನೋಡಿ ಅಂದಿದ್ದಕ್ಕೆ 'ಸೋಮವಾರ ಕೇಳ್ತೀನಿ' ಅಂದಿದ್ದಾರೆ. ತಮ್ಮನಿಗೆ ಆರ್‌ಡಿ ಮಾಡಿಸೋಣ ಅಂತಿದ್ದೀನಿ, ಮಧ್ಯದಲ್ಲಿ ಬೇಕಾದ್ರೆ ತೆಗೀಬಹುದಾ?

ಶನಿವಾರಸಂತೆ ಕಡೆಯವನು:
ಪೋಸ್ಟ್ ಆಫೀಸಿಂದು ಐದು ವರ್ಷದ್ದು. ನಾನು ಮಾಡಿಸಿದಾಗ ಬಡ್ಡಿ 6.7 ಇತ್ತು, ಶುರುವಲ್ಲಿ ಇದ್ದ ದರವೇ ಕೊನೇ ತನಕ. ಮೂರು ವರ್ಷ ಆಗೋ ತನಕ ಮುರಿಯೋಕೆ ಬಿಡಲ್ಲ. ಆಮೇಲೆ ಮುರಿದ್ರೂ ಬರೀ ಉಳಿತಾಯ ಖಾತೆ ಬಡ್ಡಿ ಸಿಗೋದು. ಅದಕ್ಕೇ ಕಷ್ಟಕ್ಕೆ ಅಂತ ಆ 2 ಸಾವಿರ ಬೇರೆ ಇಟ್ಟಿದ್ದು. ಅದಕ್ಕೂ ಮುಂಚೆ ಮನೇಲಿ ಕೈಸಾಲ ಏನಾದ್ರೂ ಇದ್ಯಾ ಅಂತ ನಿಮ್ಮಪ್ಪನ್ನ ಒಂದು ಸಲ ಕೇಳಿ. ಕೇಳದೇ ಹೇಳಲ್ಲ ಅವರು.