ಅಪ್ಪನ ಹೆಸರಿನ ಪಹಣಿಯಲ್ಲಿ 10 ಗುಂಟೆ ಮನೆಗೆ: ಪರಿವರ್ತನೆ ಅರ್ಜಿ ಜೊತೆ ಏನೇನು ಇಡಬೇಕು?

ಕೇಳಿದವರು: ತುಮಕೂರು ಜಿಲ್ಲೆಯ ಹಳ್ಳಿ. ಪಹಣಿಯಲ್ಲಿ 1 ಎಕರೆ 30 ಗುಂಟೆ, ಇನ್ನೂ ಅಪ್ಪನ ಹೆಸರಲ್ಲೇ ಇದೆ. ಅಪ್ಪ ತೀರಿಕೊಂಡು ಆರು ವರ್ಷ ಆಯ್ತು. ಅಣ್ಣ, ನಾನು, ತಂಗಿ ಮೂವರು. ರಸ್ತೆ ಪಕ್ಕದ 10 ಗುಂಟೆ ನನಗೆ ಅಂತ ಮನೆಯಲ್ಲಿ ಮಾತಾಗಿದೆ, ಅಲ್ಲಿ ಮನೆ ಕಟ್ಟಬೇಕು. ಕನ್ವರ್ಷನ್ ಅರ್ಜಿಗೆ ಯಾವ ದಾಖಲೆ ಬೇಕು? ಮಾಡಿಸಿದವರು ಹೇಳಿ.

ಹಾಸನ ಕಡೆಯ ಒಬ್ಬರು: ಈಗೆಲ್ಲ ಆನ್‌ಲೈನ್ ಸರ್. ಭೂಮಿ ವೆಬ್‌ಸೈಟಿನಲ್ಲಿ ಲಾಗಿನ್ ಆಗಿ ನಾನೇ ಹಾಕಿದ್ದೆ. ಪಹಣಿ, ಮ್ಯುಟೇಷನ್ ಪ್ರತಿ, ಬೇಕಾದ ಭಾಗವನ್ನು ಸರ್ವೆಯವರು ಅಳೆದು ಗುರುತಿಸಿ ಕೊಡುವ 11ಇ ನಕ್ಷೆ, 200 ರೂಪಾಯಿ ಛಾಪಾ ಕಾಗದದಲ್ಲಿ ನೋಟರಿ ಮಾಡಿಸಿದ ಪ್ರಮಾಣಪತ್ರ. ಅಷ್ಟೇ. ನೇರವಾಗಿ ಹಾಕಿಬಿಡಿ, ಏಜೆಂಟ್ ಹತ್ತಿರ ಹೋಗಬೇಡಿ.

ನಿವೃತ್ತ ಭೂಮಾಪಕ: ಮೇಲಿನವರು ಹೇಳಿದ ಪಟ್ಟಿ ಸರಿ. ಆದರೆ ಅವರ ಪಹಣಿಯಲ್ಲಿ ಅವರೊಬ್ಬರದೇ ಹೆಸರು ಇತ್ತು ಅಂತ ಕಾಣುತ್ತೆ. ನಿಮ್ಮದು ಹಾಗಲ್ಲ. 9ನೇ ಕಾಲಂನಲ್ಲಿ ತೀರಿಹೋದವರ ಹೆಸರು ಇರುವಾಗ ಅರ್ಜಿ ಹಾಕುವವರು ಯಾರು? ಮೊದಲು ಪೌತಿ ಖಾತೆ ಆಗಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟರೆ ಮೂವರ ಹೆಸರೂ ಜಂಟಿಯಾಗಿ ಬರುತ್ತೆ. ತಾಯಿ ಇದ್ದರೆ ಅವರ ಹೆಸರೂ ಸೇರುತ್ತೆ, ನೀವು ಬರೆದಿಲ್ಲ.

ಜಂಟಿ ಆದ ಮೇಲೆ ಎರಡು ದಾರಿ. ಎಲ್ಲರೂ ಸೇರಿ ಅರ್ಜಿ ಹಾಕಿ 10 ಗುಂಟೆಗಷ್ಟೇ ಪರಿವರ್ತನೆ ಕೇಳಬಹುದು. ಆದರೆ ಆಗ ಆದೇಶವೂ ಎಲ್ಲರ ಹೆಸರಲ್ಲೇ ಬರುತ್ತೆ, ಮುಂದೆ ಬ್ಯಾಂಕಿನವರು ಉಳಿದವರ ಸಹಿ ಕೇಳ್ತಾರೆ. ನನ್ನ ಕೇಳಿದರೆ ಮೊದಲು 11ಇ ನಕ್ಷೆ ಮಾಡಿಸಿ, ಅದನ್ನು ಇಟ್ಟುಕೊಂಡು ವಿಭಾಗ ಪತ್ರ ನೋಂದಾಯಿಸಿ, ನಿಮ್ಮ ಭಾಗಕ್ಕೆ ಹೊಸ ಹಿಸ್ಸಾ ನಂಬರಿನ ಪಹಣಿ ಬಂದ ಮೇಲೆ ಒಬ್ಬರೇ ಅರ್ಜಿ ಹಾಕಿ. ತಿಂಗಳುಗಳು ಹೆಚ್ಚು ಹಿಡಿಯುತ್ತೆ, ಮಾತಿನ ಪಾಲು ಮಾತಿನಲ್ಲೇ ಉಳಿಯಲ್ಲ.

ಇನ್ನೊಂದು. ನಿಮ್ಮದು ರಸ್ತೆ ಪಕ್ಕದ ಜಾಗ ಅಂದಿರಿ. ಪಹಣಿಯ 3ನೇ ಕಾಲಂ ತೆಗೆದು ಖರಾಬು, ಅಂದರೆ ಸಾಗುವಳಿ ಲೆಕ್ಕಕ್ಕೆ ಬರದ ಜಾಗ, ಎಷ್ಟಿದೆ ನೋಡಿ. ನಾನು ಅಳೆದ ಒಂದು ಕೇಸು ಹೇಳ್ತೀನಿ, ಅದೂ ನಿಮ್ಮಷ್ಟೇ ಜಮೀನು. ಒಟ್ಟು 1 ಎಕರೆ 30 ಗುಂಟೆ, ಅದರಲ್ಲಿ 4 ಗುಂಟೆ ‘ಬ’ ಖರಾಬು. ಅಂದರೆ ಹಳೇ ಬಂಡಿದಾರಿ. ಅದು ಸಾರ್ವಜನಿಕರದು, ಯಾರಿಗೂ ಪರಿವರ್ತನೆ ಆಗಲ್ಲ. ಉಳಿದದ್ದು 1 ಎಕರೆ 26 ಗುಂಟೆ. ಆ ಮನುಷ್ಯ ಈಗಿನ ಡಾಂಬರು ರಸ್ತೆಯ ಅಂಚಿನಿಂದ ಹಗ್ಗ ಹಿಡಿದು 10 ಗುಂಟೆ ಅಂತ ಲೆಕ್ಕ ಹಾಕಿ, ಅಷ್ಟಕ್ಕೇ ಪ್ರಮಾಣಪತ್ರ ಬರೆಸಿಟ್ಟಿದ್ದ. ನಾನು ಹಳೇ ಸರ್ವೆ ಟಿಪ್ಪಣಿ ಹಿಡಿದು ಕಲ್ಲು ಹುಡುಕಿದರೆ ಬಂಡಿದಾರಿಯ ಅಂಚು ಅವನ ತೆಂಗಿನ ಸಾಲಿನ ಒಳಗಡೆ ಇತ್ತು. ಒಂದು ಗುಂಟೆ, ಅಂದರೆ 1,089 ಚದರ ಅಡಿ, ದಾರಿಗೆ ಹೋಯ್ತು. ನಕ್ಷೆಯಲ್ಲಿ 9 ಗುಂಟೆ, ಪ್ರಮಾಣಪತ್ರದಲ್ಲಿ 10. ಅರ್ಜಿ ವಾಪಸ್. ಛಾಪಾ ಕಾಗದ ಮತ್ತೆ ತಂದು ಮತ್ತೆ ನೋಟರಿ. ಅದಕ್ಕೇ ನಕ್ಷೆ ಕೈಗೆ ಬರುವವರೆಗೆ ಪ್ರಮಾಣಪತ್ರ ಬರೆಸಬೇಡಿ.

ಕೋಲಾರದವರು: ಇಷ್ಟೆಲ್ಲ ಯಾಕೆ? ಸ್ವಂತ ಜಮೀನಿನಲ್ಲಿ ಶೇಕಡಾ 10ರಷ್ಟು ಜಾಗದಲ್ಲಿ ಪರ್ಮಿಷನ್ ಇಲ್ಲದೇ ಮನೆ ಕಟ್ಟಬಹುದು ಅಂತ ಕಾನೂನೇ ಇದೆ. ನಮ್ಮ ಮಾವ ಕಟ್ಟಿದ್ದಾರೆ, ಯಾರೂ ಕೇಳಿಲ್ಲ.

ನಿವೃತ್ತ ಭೂಮಾಪಕ: ಇದೆ, ಆದರೆ ಅದು ರೈತ ತನ್ನ ಉಪಯೋಗಕ್ಕೆ ಕಟ್ಟಿಕೊಳ್ಳುವ ತೋಟದ ಮನೆಗೆ. ಇವರ ಲೆಕ್ಕ ಹಾಕಿ ನೋಡಿ: 70 ಗುಂಟೆ ಮೂರು ಪಾಲಾದರೆ ತಲಾ 23 ಚಿಲ್ಲರೆ. ಶೇಕಡಾ 10 ಅಂದರೆ 2 ಗುಂಟೆ ಚಿಲ್ಲರೆ. ಇವರು ಕೇಳ್ತಿರೋದು 10. ಜೊತೆಗೆ ಗೃಹಸಾಲ ಬೇಕಾದರೆ ಬ್ಯಾಂಕಿನವರು ಮೊದಲು ಕೇಳೋದೇ ಪರಿವರ್ತನೆ ಆದೇಶ.

ಮಂಡ್ಯದಿಂದ: ನಮಗೆ ಪಂಚಾಯ್ತಿಯಲ್ಲಿ ಇ-ಸ್ವತ್ತು ನಮೂನೆ 9 ಕೊಡ್ತಿಲ್ಲ. ಗ್ರಾಮಠಾಣಾ ಒಳಗಿನ ಸೈಟು. ಅದಕ್ಕೂ ಪರಿವರ್ತನೆ ಬೇಕಾ?

ಅರ್ಜಿ ಬರೆದುಕೊಡುವ ಮೇಡಂ: ಮಂಡ್ಯದವರೇ, ನಿಮ್ಮ ಪ್ರಶ್ನೆ ಬೇರೆ. ಗ್ರಾಮಠಾಣಾದೊಳಗಿನದು ಕೃಷಿ ಜಮೀನು ಅಲ್ಲ, ಬೇರೆ ಕೇಳಿ.

ಕೇಳಿದವರಿಗೆ: ನಾನು ತಾಲ್ಲೂಕು ಕಚೇರಿ ಎದುರು ಕೂತು 14 ವರ್ಷ ಅರ್ಜಿ ಬರೆದಿದ್ದೀನಿ. ಆನ್‌ಲೈನಿನಲ್ಲಿ ಹಾಕಿದರೂ ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕರು ಸ್ಥಳಕ್ಕೆ ಬಂದಾಗ ಕೈಗೆ ಕೊಡಲು ಒಂದು ಮನವಿ ಇಟ್ಟುಕೊಳ್ಳಿ. ಉದ್ದ ಬೇಡ. ನಾನು ಬರೆಯುವುದು ಹೀಗೆ:

“ಮಾನ್ಯ ಜಿಲ್ಲಾಧಿಕಾರಿಗಳಲ್ಲಿ, ತಹಶೀಲ್ದಾರರ ಮುಖಾಂತರ. ವಿಷಯ: ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ ಕಲಂ 95ರಂತೆ ವಾಸದ ಉದ್ದೇಶಕ್ಕೆ ಭೂ ಪರಿವರ್ತನೆ ಕೋರಿ. —— ಗ್ರಾಮದ ಸರ್ವೆ ನಂ. ——ರಲ್ಲಿ ನನ್ನ ಖಾತೆಯ ಜಮೀನಿನ ಪೈಕಿ 11ಇ ನಕ್ಷೆಯಲ್ಲಿ ತೋರಿಸಿದ —— ಗುಂಟೆಯನ್ನು ವಾಸದ ಮನೆಗಾಗಿ ಪರಿವರ್ತಿಸಿಕೊಡಲು ಕೋರುತ್ತೇನೆ. ಇದರೊಂದಿಗೆ ಚಾಲ್ತಿ ಪಹಣಿ, ಪೌತಿ ಮತ್ತು ವಿಭಾಗದ ಮ್ಯುಟೇಷನ್ ಪ್ರತಿಗಳು, ನೋಂದಾಯಿತ ವಿಭಾಗ ಪತ್ರ, 11ಇ ನಕ್ಷೆ, ಋಣಭಾರ ಪತ್ರ ಹಾಗೂ ಪ್ರಮಾಣಪತ್ರ ಲಗತ್ತಿಸಿದ್ದೇನೆ.”

ಹೆಸರು ಪಹಣಿಯಲ್ಲಿ ಹೇಗಿದೆಯೋ ಹಾಗೇ ಬರೆಯಿರಿ. ಆಧಾರಿನಲ್ಲಿ ಇನಿಷಿಯಲ್ ಹಿಂದೆ, ಪಹಣಿಯಲ್ಲಿ ‘ಬಿನ್’ ಅಂತ ಅಪ್ಪನ ಹೆಸರು ಇದ್ದರೆ, ಇಬ್ಬರೂ ಒಬ್ಬರೇ ಅನ್ನೋ ಸಾಲು ಪ್ರಮಾಣಪತ್ರದಲ್ಲೇ ಸೇರಿಸಿ. ವಾಪಸ್ ಬರುವ ಅರ್ಜಿಗಳಲ್ಲಿ ನಾನು ನೋಡಿದ ಮುಕ್ಕಾಲು ಪಾಲು ಇದೇ.

ದಾವಣಗೆರೆಯವರು: ಜಮೀನು ಅಪ್ಪನಿಗೆ ಮಂಜೂರಾಗಿ ಬಂದದ್ದಾ, ಪಿತ್ರಾರ್ಜಿತವಾ? ನಮ್ಮದು ಪರಿಶಿಷ್ಟ ಜಾತಿಗೆ ಮಂಜೂರಾದದ್ದು, ನಾವು ಅವರಿಂದ ಕೊಂಡವರು. 1978ರ ಪಿಟಿಸಿಎಲ್ ಕಾಯ್ದೆ ಅಡಿ ಸರ್ಕಾರದ ಅನುಮತಿ ತೆಗೆದುಕೊಂಡಿರಲಿಲ್ಲ. ಪರಿವರ್ತನೆ ಹಾಗಿರಲಿ, ಕ್ರಯವೇ ಊರ್ಜಿತ ಅಲ್ಲ ಅಂತಾಯ್ತು. ಇನ್ನೂ ಅಲೀತಿದ್ದೀವಿ.

ಹಾಸನ ಕಡೆಯ ಒಬ್ಬರು: ನಾಲ್ಕು ತಿಂಗಳು ಉತ್ತರ ಬರದಿದ್ದರೆ ಪರಿವರ್ತನೆ ಆಯ್ತು ಅಂತಲೇ ಅರ್ಥವಂತೆ. ಅದನ್ನೂ ಹೇಳಿ.

ಅರ್ಜಿ ಬರೆದುಕೊಡುವ ಮೇಡಂ: 95ನೇ ಕಲಂನಲ್ಲಿ ಆ ಮಾತು ಇದೆ. ಆದರೆ ಆದೇಶದ ಕಾಗದ ಇಲ್ಲದೆ ಪಂಚಾಯ್ತಿಯಲ್ಲಿ ಇ-ಸ್ವತ್ತು ಮಾಡಿಸಿದವರನ್ನು ನಾನಂತೂ ನೋಡಿಲ್ಲ.

ನಿವೃತ್ತ ಭೂಮಾಪಕ: ಒಬ್ಬರು ಕೋರ್ಟಿಗೆ ಹೋಗಿ ತಂದದ್ದು ನನಗೆ ಗೊತ್ತು. ವರ್ಷಗಳೇ ಹಿಡಿದವು. ಊರು ಯೋಜನಾ ಪ್ರಾಧಿಕಾರದ ವ್ಯಾಪ್ತಿಯಲ್ಲಿದ್ದರೆ ಮಹಾಯೋಜನೆ ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರ್ ಯಾವ ಬಣ್ಣದಲ್ಲಿದೆ ಅಂತ ಮೊದಲೇ ನೋಡಿ. ಹಳದಿ ಇದ್ದರೆ ವಾಸದ್ದು, ನಿರಾಳ. ಹಸಿರಿನಲ್ಲಿದ್ದರೆ ಕಾಗದ ಎಷ್ಟು ಜೋಡಿಸಿದರೂ ಕಷ್ಟ.

ಕೇಳಿದವರು: ಎಲ್ಲರಿಗೂ ವಂದನೆ. ಅಮ್ಮ ಇದ್ದಾರೆ, ಬರೆಯೋದು ಮರೆತೆ. ಪಿತ್ರಾರ್ಜಿತವೇ. ಈಗ ಪಹಣಿ ತೆಗೆದು ನೋಡಿದೆ: ‘ಬ’ ಖರಾಬು 2 ಗುಂಟೆ ಇದೆ. 11ನೇ ಕಾಲಂನಲ್ಲಿ ಅಪ್ಪ ಸೊಸೈಟಿಯಲ್ಲಿ ತೆಗೆದ ಸಾಲ ಹಾಗೇ ನಿಂತಿದೆ. ಆ ಸಾಲ ತೀರಿಸಿ ಹತ್ತು ವರ್ಷ ದಾಟಿದೆ, ರಸೀದಿ ಸಿಗ್ತಿಲ್ಲ. ತಂಗಿ ಮುಂಬೈನಲ್ಲಿ, ಮೂರು ಸಲ ಬಂದು ಹೋಗಕ್ಕಾಗಲ್ಲ ಅಂತಾಳೆ.

ನಿವೃತ್ತ ಭೂಮಾಪಕ: ರಸೀದಿ ಹುಡುಕಬೇಡಿ. ಸೊಸೈಟಿಯವರ ಲೆಡ್ಜರಿನಲ್ಲಿ ಇರುತ್ತೆ. ಸಾಲ ತೀರಿದೆ ಅಂತ ಋಣಮುಕ್ತ ಪತ್ರ ಬರೆಸಿಕೊಂಡು ಮ್ಯುಟೇಷನ್‌ಗೆ ಹಾಕಿದರೆ 11ನೇ ಕಾಲಂ ಖಾಲಿಯಾಗುತ್ತೆ. ಪೌತಿ ಅರ್ಜಿ ಕೊಡುವ ದಿನವೇ ಇದನ್ನೂ ಕೊಡಿ. ತಂಗಿಯಿಂದ ವಿಭಾಗ ಪತ್ರಕ್ಕೆ ಅಧಿಕಾರ ಪತ್ರ ಮಾಡಿಸಬಹುದು, ಆದರೆ ಅಣ್ಣನ ಹೆಸರಿಗೋ ನಿಮ್ಮ ಹೆಸರಿಗೋ ಅನ್ನೋದು ನೀವೇ ಮನೆಯಲ್ಲಿ ತೀರ್ಮಾನಿಸಬೇಕು.

ಕೇಳಿದವರು: ಅದೇ ಈಗ ಮಾತಾಗ್ತಿದೆ ಸರ್. ಅಣ್ಣ ಇನ್ನೂ ಏನೂ ಹೇಳಿಲ್ಲ.