ತುಳಸಿ ಕಡ್ಡಿ ಕೊಳೆಯೋದು ಯಾಕೆ, ಮಜ್ಜಿಗೆಹುಲ್ಲು ಬೇರು ಬಿಡದಿರೋದು ಯಾಕೆ?

ಮಹಡಿ ಕುಂಡ, ದಾವಣಗೆರೆ: ನಮ್ಮ ಮಹಡಿ ಪೂರ್ವಕ್ಕೆ ತೆರೆದಿದೆ. ತುಳಸಿ ಬೀಜ ಎರಡು ಸಲ ಹಾಕಿದರೂ ಏಳಲಿಲ್ಲ, ಕಡ್ಡಿ ಊರಿದರೆ ವಾರದೊಳಗೆ ಕಪ್ಪಾಗಿ ಕೊಳೆಯುತ್ತದೆ. ಮಾರ್ಕೆಟ್‌ನಿಂದ ತಂದ ಮಜ್ಜಿಗೆಹುಲ್ಲಿನ ಕಡ್ಡಿ ನೀರಲ್ಲಿಟ್ಟು 3 ವಾರ ಆಯ್ತು, ಒಂದೂ ಬೇರಿಲ್ಲ. ಎರಡನ್ನೂ ಒಂದೇ ದೊಡ್ಡ ಕುಂಡದಲ್ಲಿ ಹಾಕಬಹುದಾ? ಎಷ್ಟು ಅಂತರ, ಎಷ್ಟು ಬಿಸಿಲು ಬೇಕು?

ಬೆಣ್ಣೆದೋಸೆ: ಬೀಜ ಹಳೇದಿರಬೇಕು ಬಿಡ್ರಿ. ಹೊಸದು ತಂದು ಅರ್ಧ ಇಂಚು ಆಳಕ್ಕೆ ಹಾಕ್ರಿ, ದಿನಾ ಚೆನ್ನಾಗಿ ನೀರು ಕೊಡ್ರಿ, ಪೂರ್ತಿ ಬಿಸಿಲಲ್ಲಿ ಇಡ್ರಿ. ಮಜ್ಜಿಗೆಹುಲ್ಲಿಗೂ ಬೀಜದ ಪ್ಯಾಕೆಟ್ ಸಿಗುತ್ತೆ, ಕಡ್ಡಿ ಗೋಜೇ ಬೇಡ.

ಕೆಮ್ಮಣ್ಣು, ಚಿತ್ರದುರ್ಗ: ಹೊಸ ಬೀಜ ತರೋ ಮಾತು ಸರಿ, ಆದರೆ ಅರ್ಧ ಇಂಚು ಆಳ ಅಂದಿರಲ್ಲ, ಅಲ್ಲೇ ಕೆಡೋದು. ತುಳಸಿ ಬೀಜ ರಾಗಿ ಕಾಳಿಗಿಂತ ಸಣ್ಣದು. ಅಷ್ಟು ಮಣ್ಣು ತಳ್ಳಿಕೊಂಡು ಮೇಲೆ ಬರುವಷ್ಟು ಶಕ್ತಿ ಅದರೊಳಗೆ ಇರಲ್ಲ. ಅದರ ಮೇಲೆ ಚೊಂಬಲ್ಲಿ ನೀರು ಹೊಯ್ದರೆ ದಾವಣಗೆರೆ ಕಡೆಯ ಎರೆಮಣ್ಣು ಒಣಗಿ ಹೆಪ್ಪು ಕಟ್ಟುತ್ತೆ, ಮೊಳಕೆ ಅದರಡಿಯಲ್ಲೇ ಮುಗಿಯುತ್ತೆ.

ಮೊದಲು ಅದು ತುಳಸಿ ಬೀಜವೇ ಅಂತ ನೋಡಿಕೊಳ್ಳಿ. ಹತ್ತು ಬೀಜ ಒಂದು ಚಮಚ ನೀರಿಗೆ ಹಾಕಿ ಹತ್ತು ನಿಮಿಷ ಬಿಡಿ. ಸುತ್ತ ದಪ್ಪ ಲೋಳೆ ಕಟ್ಟಿಕೊಂಡು ಕಪ್ಪೆಮೊಟ್ಟೆ ಥರ ಉಬ್ಬಿದರೆ ಅದು ಕಾಮಕಸ್ತೂರಿ, ಫಲೂದಾಕ್ಕೆ ಹಾಕ್ತಾರಲ್ಲ ಅದು. ತುಳಸಿ ಬೀಜ ಅಷ್ಟು ಉಬ್ಬಲ್ಲ.

ಬಿತ್ತೋಕೆ 3 ಇಂಚು ಆಳದ ತಟ್ಟೆ ಸಾಕು, ತಳಕ್ಕೆ ತೂತು ಇರಲಿ. ತೆಂಗಿನ ನಾರಿನ ಪುಡಿ ಎರಡು ಪಾಲು, ಜರಡಿ ಹಿಡಿದ ಎರೆಗೊಬ್ಬರ ಒಂದು ಪಾಲು. ಒದ್ದೆ ಮಾಡಿ ಸಮ ಮಾಡಿ. ಒಂದು ಚಿಟಿಕೆ ಬೀಜಕ್ಕೆ ಒಂದು ಹಿಡಿ ಒಣ ಮರಳು ಬೆರೆಸಿ ಮೇಲೆ ಉದುರಿಸಿ, ಅಂಗೈಯಿಂದ ಒತ್ತಿ, ಅಷ್ಟೇ. ಮುಚ್ಚಬೇಡಿ. ನೀರನ್ನು ಮೇಲಿಂದ ಹಾಕದೆ, ತಟ್ಟೆಯನ್ನು ಇನ್ನೊಂದು ನೀರಿನ ತಟ್ಟೆಯಲ್ಲಿ ಕಾಲು ಗಂಟೆ ಇಟ್ಟು ತೆಗೆದರೆ ತಾನೇ ಹೀರಿಕೊಳ್ಳುತ್ತೆ. ಬೆಳಕು ಬೇಕು, ನೇರ ಮಧ್ಯಾಹ್ನದ ಬಿಸಿಲು ಬೇಡ. ಒಂದರಿಂದ ಎರಡು ವಾರದಲ್ಲಿ ಪುಟ್ಟ ಜೋಡಿ ಎಲೆ ಕಾಣುತ್ತೆ.

ಬೆಣ್ಣೆದೋಸೆ: ಮುಚ್ಚದೆ ಬಿಟ್ಟರೆ ಇರುವೆ ಹೊತ್ಕೊಂಡು ಹೋಗಲ್ವೇನ್ರಿ?

ಕೆಮ್ಮಣ್ಣು, ಚಿತ್ರದುರ್ಗ: ಹೋಗುತ್ತವೆ. ಅದಕ್ಕೇ ತಟ್ಟೆಯನ್ನು ನೀರು ತುಂಬಿದ ತಾಟಿನಲ್ಲಿ ಒಂದು ಬಟ್ಟಲು ಬೋರಲು ಹಾಕಿ ಅದರ ಮೇಲೆ ಕೂರಿಸಿ. ಇರುವೆಗಿಂತ ಹೆಚ್ಚು ಸಸಿ ಹಾಳಾಗೋದು ದಟ್ಟವಾಗಿ ಬಿತ್ತಿದಾಗ. ನಿನ್ನೆ ನೆಟ್ಟಗಿದ್ದ ಸಸಿ ಇವತ್ತು ಮಲಗಿರುತ್ತೆ, ನೋಡಿದರೆ ಮಣ್ಣಿನ ಮಟ್ಟದಲ್ಲಿ ಕಾಂಡ ದಾರದಷ್ಟು ಸಣ್ಣಗಾಗಿರುತ್ತೆ. ಅದು ಬುಡ ಕೊಳೆ, ನೀರಿಲ್ಲದೆ ಬಾಡಿದ್ದಲ್ಲ. ಬಾಡಿದೆ ಅಂತ ಮತ್ತೆ ನೀರು ಹಾಕಿದರೆ ಪಕ್ಕದ್ದೂ ಮಲಗುತ್ತೆ. ಸಸಿಗಳ ಮಧ್ಯೆ ಒಂದು ಇಂಚು ಬರುವ ಹಾಗೆ ಕಿತ್ತು ತೆಗೀರಿ, ಗಾಳಿಯಾಡಲಿ.

ಶಾಂತಕ್ಕ: ಕಡ್ಡಿ ಕೊಳೆಯೋದಕ್ಕೆ ಏನು ಹೇಳ್ತೀರಿ? ಅವರು ಅದನ್ನೂ ಕೇಳಿದಾರೆ. ತುಳಸಿ ಕಡ್ಡಿಯಿಂದ ಬರಲ್ಲ, ಬೀಜದಿಂದಲೇ ಅಂತ ನಮ್ಮ ಕಡೆ ಹೇಳ್ತಾರೆ.

ಕೆಮ್ಮಣ್ಣು, ಚಿತ್ರದುರ್ಗ: ಬರುತ್ತೆ ಅಕ್ಕ, ಯಾವ ಕಡ್ಡಿ ಅನ್ನೋದರ ಮೇಲೆ. ಬುಡದ ಕಂದು ಕಟ್ಟಿಗೆ ಊರಿದರೆ ಬೇರು ಬಿಡೋಕೆ ಮುಂಚೆ ಕೊಳೆಯುತ್ತೆ. ಕದಿರು ಬಂದ ತುದಿ ಊರಿದರೆ ಅದು ಹೂವಿನ ಕೆಲಸದಲ್ಲೇ ಇರುತ್ತೆ. ಬೇಕಾದ್ದು ಕದಿರಿಲ್ಲದ ತುದಿ, 4 ಇಂಚು, ಬಗ್ಗಿಸಿದರೆ ಬಾಗುವಷ್ಟು ಎಳೆಯದು. ಎಲೆ ಹುಟ್ಟುವ ಗಿಣ್ಣಿನ ಸ್ವಲ್ಪ ಕೆಳಗೆ ಬ್ಲೇಡಿನಿಂದ ಕತ್ತರಿಸಿ. ಕೆಳಗಿನ ಎರಡು ಜೋಡಿ ಎಲೆ ತೆಗೀರಿ, ಮೇಲೆ ಎರಡು ಜೋಡಿ ಸಾಕು, ದೊಡ್ಡ ಎಲೆ ಇದ್ದರೆ ಅರ್ಧಕ್ಕೆ ಕತ್ತರಿಸಿ. ಊರೋದು ತೊಳೆದ ಮರಳಿನಲ್ಲಿ. ಗೊಬ್ಬರದ ಮಣ್ಣಿನಲ್ಲಿ ಊರೋದೇ ಬಹಳ ಜನರ ತಪ್ಪು: ಬೇರಿಲ್ಲದ ಗಾಯಕ್ಕೆ ಗೊಬ್ಬರದಿಂದ ಪ್ರಯೋಜನವಿಲ್ಲ, ಕೊಳೆಸುವ ಬೂಷ್ಟಿಗೆ ಮಾತ್ರ ಊಟ.

ಕಪ್ಪು ಬುಡದಿಂದ ಮೇಲಕ್ಕೆ ಏರಿದರೆ ಅದು ಕೊಳೆ, ನೀರು ಹೆಚ್ಚಾಗಿದೆ. ಬುಡ ಗಟ್ಟಿ ಇದ್ದು ಮೇಲಿನ ಎಲೆ ಮಾತ್ರ ಜೋತುಬಿದ್ದರೆ ಬಿಸಿಲು, ಗಾಳಿ ಹೆಚ್ಚಾಗಿದೆ. ನೆರಳು ಬೆಳಕಿನಲ್ಲಿಟ್ಟರೆ ಹತ್ತು ಹದಿನೈದು ದಿನಕ್ಕೆ ಬೇರು ಬರುತ್ತೆ. ಮೆಲ್ಲಗೆ ಎಳೆದಾಗ ಹಿಡಿದುಕೊಂಡರೆ ಬಂದಿದೆ ಅಂತ.

ಜಮೀನು ನೋಡ್ತಿದೀನಿ: ಮಜ್ಜಿಗೆಹುಲ್ಲು ಎಕರೆಗೆ ಎಷ್ಟು ಬುಡ ಬೇಕು ಸಾರ್? ಎಣ್ಣೆ ತೆಗೆಯೋರು ಯಾರಾದರೂ ಇದಾರಾ?

ನಾಲೆ ನೀರು: ಅಣ್ಣ, ಇದು ಮಹಡಿ ಕುಂಡದ ಪ್ರಶ್ನೆ. ಆದರೂ 2 ಅಡಿಗೆ 2 ಅಡಿ ಹಾಕಿದರೆ ಎಕರೆಗೆ ಸುಮಾರು 11 ಸಾವಿರ ಬುಡ. ಎಣ್ಣೆಗಾದರೆ ಬಟ್ಟಿ ಇಳಿಸುವ ವ್ಯವಸ್ಥೆ ಹತ್ತಿರದಲ್ಲಿದೆಯಾ ಅಂತ ಮೊದಲು ನೋಡಿ, ಆಮೇಲೆ ಬುಡ ಎಣಿಸಿ.

ಕುಂಡದವರಿಗೆ: ನಿಮ್ಮ ಕಡ್ಡಿಯ ತಳ ತಿರುಗಿಸಿ ನೋಡಿ. ಅಡುಗೆಗೆ ಮಾರುವಾಗ ಚೆಂದ ಕಾಣಲಿ ಅಂತ ಬುಡ ಸವರಿಬಿಟ್ಟಿರುತ್ತಾರೆ. ತಳದಲ್ಲಿ ಗಟ್ಟಿ ಬಿಲ್ಲೆ ಥರ, ಈರುಳ್ಳಿ ಬುಡದ ಹಾಗೆ ಇರುತ್ತಲ್ಲ, ಬೇರು ಹುಟ್ಟೋದು ಅಲ್ಲಿಂದಲೇ. ಕತ್ತರಿಸಿದ ಕಡೆ ಉಂಗುರದೊಳಗೆ ಉಂಗುರ ಕಂಡರೆ ಬಿಲ್ಲೆ ಹೋಗಿದೆ, 3 ವಾರ ಅಲ್ಲ, 3 ತಿಂಗಳು ಇಟ್ಟರೂ ಬೇರು ಬರಲ್ಲ. ಬಿಲ್ಲೆ ಇದ್ದರೆ ಎಲೆ ಒಂದು ಗೇಣು ಉಳಿಸಿ ಕತ್ತರಿಸಿ, ಬುಡ ಮಾತ್ರ ಮುಳುಗುವಷ್ಟು, ಒಂದು ಇಂಚು ನೀರಿಡಿ, ಎರಡು ದಿನಕ್ಕೊಮ್ಮೆ ಬದಲಿಸಿ. ಬೇರು ಎರಡು ಇಂಚು ಆದ ಮೇಲೆ ಮಣ್ಣಿಗೆ. ಇದಕ್ಕಿಂತ ಸುಲಭ ದಾರಿ, ಯಾರದಾದರೂ ಮನೆಯ ಹಳೇ ಪೊದೆಯಿಂದ ಬೇರು ಸಮೇತ ಎರಡು ಮರಿ ಕೇಳಿ ತನ್ನಿ. ಕೀಳುವಾಗ ಕೈಗೆ ಬಟ್ಟೆ ಸುತ್ತಿಕೊಳ್ಳಿ, ಎಲೆಯ ಅಂಚು ಬ್ಲೇಡಿನ ಹಾಗೆ ಕುಯ್ಯುತ್ತೆ.

ಬೀಜದ ಪ್ಯಾಕೆಟ್ ಬಗ್ಗೆ: ಮನೆಯಲ್ಲಿ ಬೆಳೆಯುವ ದಪ್ಪ ಬುಡದ ಜಾತಿ ನಮ್ಮಲ್ಲಿ ಹೂ ಬಿಡೋದೇ ಅಪರೂಪ. ಪ್ಯಾಕೆಟ್‌ನಲ್ಲಿ ಬರೋದು ಸಾಮಾನ್ಯವಾಗಿ ಎಣ್ಣೆಗೆ ಬೆಳೆಯುವ ಇನ್ನೊಂದು ಜಾತಿ, ಕೇರಳದ ಓಡಕ್ಕಾಲಿ ಸಂಶೋಧನಾ ಕೇಂದ್ರದ ‘ಸುಗಂಧಿ’ ತಳಿ ಆ ಗುಂಪಿನದು. ಪರಿಮಳ ಇದೆ, ಆದರೆ ಬುಡ ಸಣ್ಣ.

ಶಾಂತಕ್ಕ: ಒಂದೇ ಕುಂಡ ಅಂತ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲವಲ್ಲ.

ನಾಲೆ ನೀರು: ಬೇಡ ಅಕ್ಕ. ಹುಲ್ಲಿನ ಬೇರು ಆರು ತಿಂಗಳಲ್ಲಿ ಕುಂಡದ ತುಂಬ ಚಾಪೆ ಹೆಣೆಯುತ್ತೆ, ತುಳಸಿಗೆ ಜಾಗ ಸಿಗಲ್ಲ. ನೀರೂ ಹೊಂದಲ್ಲ: ಹುಲ್ಲಿಗೆ ತೇವ ಆರಬಾರದು, ತುಳಸಿಗೆ ಮೇಲಿನ ಒಂದು ಇಂಚು ಆರಿದ ಮೇಲೆ ಕೊಟ್ಟರೆ ಸಾಕು. ತುಳಸಿಗೆ 12 ಇಂಚಿನ ಕುಂಡದಲ್ಲಿ ಒಂದೇ ಗಿಡ. ಹುಲ್ಲಿಗೆ 20 ಲೀಟರ್ ಪೇಂಟ್ ಡಬ್ಬದಲ್ಲಿ ಎರಡು ಮರಿ. ಮಧ್ಯೆ 2 ಅಡಿ ಬಿಡಿ. ನಿಮಗೆ ಬಿಸಿಲು ಪೂರ್ವದಿಂದ ಬರೋದರಿಂದ ತುಳಸಿ ಮುಂದೆ, ಹುಲ್ಲು ಹಿಂದೆ. ತಿರುಗಿಸಿ ಇಟ್ಟರೆ ನಾಲ್ಕಡಿ ಹುಲ್ಲು ಬೆಳಗಿನ ಬಿಸಿಲೆಲ್ಲ ತಾನೇ ತಗೊಂಡುಬಿಡುತ್ತೆ. ನೆಲದಲ್ಲಾದರೆ ತುಳಸಿಗೆ ಒಂದೂವರೆ ಅಡಿ ಅಂತರ.

ಬೆಣ್ಣೆದೋಸೆ: ಬಿಸಿಲು ಮಾತ್ರ ನಾನು ಹೇಳಿದ್ದೇ ಸರಿ. ಎರಡಕ್ಕೂ ಪೂರ್ತಿ ಬಿಸಿಲು. ನೆರಳಲ್ಲಿ ಬೆಳೆದ ತುಳಸಿಗೆ ಘಮ ಎಲ್ಲಿದೆ?

ಕೆಮ್ಮಣ್ಣು, ಚಿತ್ರದುರ್ಗ: ದಿನಕ್ಕೆ 6 ಗಂಟೆ ನೇರ ಬಿಸಿಲು ಅಂದರೆ ಒಪ್ಪಿದೆ. ಏಪ್ರಿಲ್‌ನಲ್ಲಿ ಸಿಮೆಂಟ್ ಮಹಡಿ ಮೇಲೆ ಕಪ್ಪು ಪ್ಲಾಸ್ಟಿಕ್ ಕುಂಡ ಮುಟ್ಟಿ ನೋಡಿ, ಕೈ ಇಡೋಕಾಗಲ್ಲ. ಬೇಯೋದು ಬೇರು. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನ 12ರ ಮೇಲೆ ಹಸಿರು ಪರದೆ ಕಟ್ಟಬೇಕು ಅಂತ ನಾನು ಹೇಳ್ತೀನಿ.

ನಾಲೆ ನೀರು: ಪರದೆ ಬೇಡ ಅನ್ನೋದು ನನ್ನ ಮಾತು. ಕುಂಡವನ್ನು ಎರಡು ಇಟ್ಟಿಗೆ ಮೇಲಿಟ್ಟು, ಸುತ್ತ ಗೋಣಿಚೀಲ ಸುತ್ತಿದರೆ ಬೇರು ತಣ್ಣಗಿರುತ್ತೆ, ಗಿಡ ಬಿಸಿಲಲ್ಲೇ ಇರಲಿ. ಇಲ್ಲಿ ಇಬ್ಬರೂ ಒಪ್ಪಲ್ಲ ಬಿಡಿ.

ಭಾಗ್ಯ, ಹಿರಿಯೂರು: ನಮ್ಮ ಮಜ್ಜಿಗೆಹುಲ್ಲು ತುದಿಯಿಂದ ಒಣಗ್ತಿದೆ. ನೀರು ದಿನಾ ಹಾಕ್ತೀವಿ, ಬೋರ್ ನೀರು. ಇದೂ ಬಿಸಿಲಿನ ದೋಷವಾ?

ನಾಲೆ ನೀರು: ಕುಂಡದ ಅಂಚಲ್ಲಿ ಬಿಳಿ ಪುಡಿ ಕಟ್ಟಿದೆಯಾ ನೋಡಿ. ಇದ್ದರೆ ಬೋರ್ ನೀರಿನ ಉಪ್ಪು ಮಣ್ಣಲ್ಲಿ ಸೇರಿಕೊಂಡಿದೆ. ದಿನಾ ಸ್ವಲ್ಪ ಸ್ವಲ್ಪ ಹಾಕಿದಷ್ಟೂ ಸೇರುತ್ತೆ, ಹೊರಗೆ ಹೋಗಲ್ಲ. 20 ಲೀಟರ್ ಡಬ್ಬಕ್ಕೆ ಒಂದು ಸಲ 40 ಲೀಟರ್ ನಿಧಾನವಾಗಿ ಹಾಯಿಸಿ, ತಳದಿಂದ ಹರಿದುಹೋಗಲಿ. ಮಳೆ ನೀರಾದರೆ ಇನ್ನೂ ಒಳ್ಳೇದು. ತುದಿ ಬಿಟ್ಟು ಎಲೆಯ ಹಿಂಬದಿಯಲ್ಲಿ ಕಂದು ಗೀರು, ಬೆರಳಿಗೆ ಪುಡಿ ಅಂಟುತ್ತೆ ಅಂದರೆ ಮಾತ್ರ ಅದು ತುಕ್ಕುರೋಗ, ಆ ಎಲೆ ಕತ್ತರಿಸಿ ದೂರ ಎಸೀರಿ.

ಶಾಂತಕ್ಕ: ಕತ್ತರಿಸೋ ಮಾತು ಬಂತು. ತುಳಸಿ ಕದಿರು ಕೀಳಬೇಕು ಅಂತೀರಾ? ಭಾನುವಾರ, ದ್ವಾದಶಿ ಮುಟ್ಟೋ ಹಾಗೂ ಇಲ್ಲ.

ಕೆಮ್ಮಣ್ಣು, ಚಿತ್ರದುರ್ಗ: ಆ ದಿನ ಬಿಟ್ಟು ಬೇರೆ ದಿನ ಕೀಳಿ ಅಕ್ಕ, ಗಿಡಕ್ಕೆ ವಾರದ ಲೆಕ್ಕ ಇಲ್ಲ. ಆದರೆ ಕೀಳಲೇಬೇಕು. ಬೀಜ ಕಟ್ಟೋಕೆ ಬಿಟ್ಟರೆ ಹೊಸ ಎಲೆ ನಿಂತು, ಕೆಳಗಿನ ಎಲೆ ಉದುರಿ, ಗಿಡ ಬರೀ ಕಟ್ಟಿಗೆ ಆಗುತ್ತೆ. ಸಸಿ ಅರ್ಧ ಅಡಿ ಆದಾಗ ಕೆಳಗಿನಿಂದ ಮೂರನೇ ಜೋಡಿ ಎಲೆಯ ಮೇಲೆ ತುದಿ ಚಿವುಟಿ, ಆ ಜೋಡಿಯ ಎರಡು ಕಂಕುಳಿಂದ ಎರಡು ಕವಲು ಬರುತ್ತವೆ. ಆಮೇಲೆ ಕದಿರು ಒಂದು ಇಂಚಿದ್ದಾಗಲೇ, ಅದರ ಕೆಳಗಿನ ಒಂದು ಜೋಡಿ ಎಲೆ ಸೇರಿಸಿ ಕತ್ತರಿಸಿ. ಬರೀ ಕದಿರು ಹಿರಿದರೆ ಅಲ್ಲೇ ಪಕ್ಕದಲ್ಲಿ ಇನ್ನೆರಡು ಬರುತ್ತವೆ. ಬೀಜಕ್ಕೆ ಬೇಕಾದರೆ ಒಂದೆರಡು ಕದಿರು ಕಂದು ಆಗೋವರೆಗೆ ಬಿಡಿ. ಎಲೆಯೇ ಇಲ್ಲದ ಕಟ್ಟಿಗೆಗೆ ಕತ್ತರಿ ಹಾಕಬೇಡಿ, ಅದು ಮತ್ತೆ ಚಿಗುರೋದು ಅನುಮಾನ.

ನಾಲೆ ನೀರು: ಹುಲ್ಲಿಗೆ ನಾಟಿಯಾಗಿ 4 ತಿಂಗಳ ಮೇಲೆ ಮೊದಲ ಕೊಯ್ಲು, ನೆಲದಿಂದ ಅಂಗೈ ಅಗಲ ಬಿಟ್ಟು. ಅದಕ್ಕಿಂತ ಕೆಳಗೆ ಹೋದರೆ ಒಳಗಿನ ಸುಳಿ ಕತ್ತರಿಸಿ ಆ ಬುಡ ಸಾಯುತ್ತೆ. ಎರಡು ವರ್ಷಕ್ಕೊಮ್ಮೆ ಪೊದೆ ಕಿತ್ತು ಸುತ್ತಲಿನ ಮರಿ ನೆಡಿ, ಒಣಗಿದ ನಡುಭಾಗ ಎಸೀರಿ.

ಮಹಡಿ ಕುಂಡ, ದಾವಣಗೆರೆ: ಕಡ್ಡಿ ತಳ ನೋಡಿದೆ, ಎಲ್ಲದರಲ್ಲೂ ಉಂಗುರ ಕಾಣ್ತಿದೆ. ಎಸೆದೆ. ಬೀಜ ಚಮಚ ನೀರಲ್ಲಿ ಹಾಕಿದೀನಿ, ಆರು ಉಬ್ಬಿದಾವೆ, ನಾಲ್ಕು ಹಾಗೇ ಇದಾವೆ. ಹಂಗಂದ್ರೆ ಎರಡೂ ಬೆರೆಸಿ ಮಾರಿದಾರಾ?

ಬೆಣ್ಣೆದೋಸೆ: ನೋಡಿ, ಬೀಜದ್ದೇ ತಪ್ಪು ಅಂತ ನಾನು ಮೊದಲೇ ಹೇಳಿದ್ದೆ.

ಕೆಮ್ಮಣ್ಣು, ಚಿತ್ರದುರ್ಗ: ಬೆರಕೆ ಅನ್ನಿಸುತ್ತೆ. ಆದರೆ ಬೆರಕೆ ಆಗಿದ್ದರೂ ಕಾಮಕಸ್ತೂರಿಯಾದರೂ ಏಳಬೇಕಿತ್ತು, ಅದೂ ಏಳಲಿಲ್ಲ ಅಂದರೆ ಎಷ್ಟು ಆಳಕ್ಕೆ ಹಾಕಿದ್ದಿರಿ?

ಮಹಡಿ ಕುಂಡ, ದಾವಣಗೆರೆ: ಬೆರಳಿನ ಒಂದು ಗೆಣ್ಣಿನಷ್ಟು.